ಸದ್ದಿನ ದೂರು ಬಂದಾಗ ಬಾಡಿಗೆದಾರರಿಗೆ ಹೇಳುವುದು ಹೇಗೆ: ಮನೆ ಓನರ್‌ಗಳಿಗೊಂದು ಮಾರ್ಗದರ್ಶಿ

ಭಾನುವಾರ ಬೆಳಗ್ಗೆ ಎಂಟು ಗಂಟೆಗೆ ಓನರ್‌ಗೆ ಫೋನ್ ಬರುತ್ತದೆ. "ಮೇಲಿನ ಮನೆ ಹುಡುಗರದ್ದು ರಾತ್ರಿ ಒಂದು ಗಂಟೆವರೆಗೂ ಗಲಾಟೆ. ಕಣ್ಣು ಮುಚ್ಚೋಕಾಗ್ಲಿಲ್ಲ. ಇದು ಮೊದಲ್ನೇ ಸಲ ಅಲ್ಲ, ನೀವು ಸ್ವಲ್ಪ ಹೇಳಿ." ಫೋನ್ ಇಟ್ಟ ತಕ್ಷಣ ಬಹಳಷ್ಟು ಓನರ್‌ಗಳು ಮೇಲಿನ ಮನೆಗೆ ಫೋನ್ ಹಚ್ಚಿ, "ಏನ್ರಪ್ಪಾ, ರಾತ್ರಿಯೆಲ್ಲ ಪಾರ್ಟಿ ಮಾಡ್ತೀರಂತೆ?" ಎಂದು ಶುರು ಮಾಡುತ್ತಾರೆ. ಅಲ್ಲಿಂದ ಮುಂದೆ ಮಾತು ಸದ್ದಿನ ಬಗ್ಗೆ ಉಳಿಯುವುದಿಲ್ಲ. ಪಾರ್ಟಿ ಮಾಡಿದರೋ ಇಲ್ಲವೋ, ಹೇಳಿದ್ದು ಯಾರು, ಅವರ ಮನೆಯಲ್ಲಿ ಗಲಾಟೆ ಇಲ್ಲವೇ ಎಂಬಲ್ಲಿಗೆ ಹೋಗಿ ನಿಲ್ಲುತ್ತದೆ. ಮುಂದಿನ ಶನಿವಾರ ಸದ್ದು ಇದ್ದಷ್ಟೇ ಇರುತ್ತದೆ, ಜೊತೆಗೆ ಮೆಟ್ಟಿಲ ಮೇಲೆ ಎದುರಾದಾಗ ಎರಡು ಮನೆಯವರೂ ಮುಖ ತಿರುಗಿಸಿಕೊಂಡು ಹೋಗುತ್ತಾರೆ.

ಇಲ್ಲಿ ಬೆಂಗಳೂರಿನ ಒಂದು ಸಾಮಾನ್ಯ ಕಟ್ಟಡವನ್ನು ಇಟ್ಟುಕೊಂಡು ನೋಡೋಣ. 30×40 ಸೈಟು, ಕೆಳಗೆ ಪಾರ್ಕಿಂಗ್, ಮೇಲೆ ಎರಡು ಮಹಡಿ. ಮೊದಲ ಮಹಡಿಯಲ್ಲಿ ಒಂದು ಕುಟುಂಬ, ಮಗಳು ಎರಡನೇ ಪಿಯುಸಿ. ಎರಡನೇ ಮಹಡಿಯಲ್ಲಿ ಕೆಲಸಕ್ಕೆ ಹೋಗುವ ಮೂವರು ಹುಡುಗರು. ಓನರ್ ಐವತ್ತು ದಾಟಿದ ಹೆಂಗಸು, ಬೇರೆ ಬಡಾವಣೆಯಲ್ಲಿದ್ದಾರೆ. ಹುಡುಗರು ಅವರನ್ನು ಆಂಟಿ ಎನ್ನುತ್ತಾರೆ. ಹನ್ನೊಂದು ತಿಂಗಳ ಅಗ್ರಿಮೆಂಟು, ಬಾಡಿಗೆ ಸರಿಯಾಗಿ ಬರುತ್ತಿದೆ, ಬೇರೆ ಯಾವ ತಕರಾರೂ ಇಲ್ಲ. ದೂರು ಮೇಲೆ ಹೇಳಿದ್ದೇ.

ಮೊದಲು ದೂರು ಹೇಳಿದವರನ್ನು ಸರಿಯಾಗಿ ಕೇಳಿಸಿಕೊಳ್ಳಿ

"ಗಲಾಟೆ" ಎಂಬ ಒಂದು ಪದವನ್ನು ಹಿಡಿದುಕೊಂಡು ಯಾರಿಗೂ ಏನನ್ನೂ ಹೇಳಲಾಗದು. ಆ ಪದದೊಳಗೆ ಹಾಡು ಇರಬಹುದು, ಜೋರು ನಗು ಇರಬಹುದು, ಕುರ್ಚಿ ಎಳೆದದ್ದು ಇರಬಹುದು, ಮೆಟ್ಟಿಲಿಳಿಯುವಾಗಿನ ಮಾತು ಇರಬಹುದು. ಒಂದೊಂದಕ್ಕೂ ಪರಿಹಾರ ಬೇರೆ. ಹಾಗಾಗಿ ಫೋನ್ ಮಾಡಿದವರ ಸಿಟ್ಟು ಇಳಿಯುವಷ್ಟು ಹೊತ್ತು ಕೇಳಿಸಿಕೊಂಡು, ಆಮೇಲೆ ನಿಧಾನವಾಗಿ ನಾಲ್ಕು ವಿಷಯ ಕೇಳಿ: ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಎಂಥ ಸದ್ದು, ನಿಮ್ಮ ಮನೆಯ ಯಾವ ರೂಮಿನಲ್ಲಿ ಕೇಳಿಸಿತು. ಉತ್ತರವನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ.

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ನಮ್ಮ ಉದಾಹರಣೆಯಲ್ಲಿ ಬಂದ ಉತ್ತರ ಹೀಗಿತ್ತು: ಶನಿವಾರ ರಾತ್ರಿ ಹನ್ನೊಂದರಿಂದ ಸುಮಾರು ಹನ್ನೆರಡೂ ಮುಕ್ಕಾಲರವರೆಗೆ, ಮಗಳು ಮಲಗುವ ರೂಮಿನ ನೆತ್ತಿ ಮೇಲೆ ಏನೋ ಎಳೆದಾಡಿದ ಹಾಗೆ, ಬಾಲ್ಕನಿ ಕಡೆಯಿಂದ ಮಾತು, ಕೊನೆಗೆ ಮೆಟ್ಟಿಲ ಮೇಲೆ ಜನ ಇಳಿದದ್ದು, ಗೇಟು ಧಡ್ ಎಂದದ್ದು. ಈ ನಾಲ್ಕು ಸಾಲಿನಲ್ಲಿ ಹಾಡಿನ ಮಾತೇ ಇಲ್ಲ. ಓನರ್ ನೇರವಾಗಿ "ಮ್ಯೂಸಿಕ್ ಸೌಂಡ್ ಕಮ್ಮಿ ಮಾಡ್ಕೊಳ್ಳಿ" ಎಂದಿದ್ದರೆ ಮೊದಲ ಮಾತಿನಲ್ಲೇ ತಪ್ಪು ಹೇಳಿದಂತಾಗುತ್ತಿತ್ತು.

ಸದ್ದಿನ ದೂರು ಒಂಟಿಯಾಗಿ ಬರುವುದು ಅಪರೂಪ. "ಹುಡುಗೀರೂ ಬರ್ತಾರೆ", "ಕುಡೀತಾರೆ ಅನ್ಸುತ್ತೆ", "ನಾನ್‌ವೆಜ್ ವಾಸನೆ", "ಮೆಟ್ಟಿಲ ತುಂಬಾ ಚಪ್ಪಲಿ" ಎಂದೆಲ್ಲ ಅದರ ಬೆನ್ನಿಗೆ ಅಂಟಿಕೊಂಡು ಬರುತ್ತದೆ. ಇದನ್ನೆಲ್ಲ ಓನರ್ ಬಿಡಿಸಿ ಪಕ್ಕಕ್ಕಿಡಲೇಬೇಕು. ಬಾಡಿಗೆ ಮನೆಯವರು ಏನು ತಿನ್ನುತ್ತಾರೆ, ಅವರ ಮನೆಗೆ ಯಾರು ಬಂದು ಹೋಗುತ್ತಾರೆ ಎಂಬುದು ಸದ್ದಿನ ವಿಷಯವಲ್ಲ. ದೂರು ಕೊಟ್ಟವರಿಗೂ ಅದನ್ನು ಮೆತ್ತಗೆ ಹೇಳಿಬಿಡುವುದು ಒಳ್ಳೆಯದು: "ರಾತ್ರಿ ಸದ್ದಿನ ಬಗ್ಗೆ ಖಂಡಿತ ಮಾತಾಡ್ತೀನಿ. ಬೇರೆದು ಅವರವರ ಮನೆ ವಿಷಯ, ಅದನ್ನ ನಾನು ಕೇಳೋಕಾಗಲ್ಲ." ಇದನ್ನು ಹೇಳದೆ "ಹ್ಞೂಂ, ನೋಡ್ತೀನಿ" ಎಂದು ಸುಮ್ಮನಾದರೆ, ಎಲ್ಲವನ್ನೂ ಸರಿಪಡಿಸುತ್ತೇನೆಂದು ಒಪ್ಪಿಕೊಂಡ ಹಾಗೆ ಅವರು ತಿಳಿಯುತ್ತಾರೆ.

ಹೆಸರು ಹೇಳಬಹುದೇ ಎಂದೂ ಆಗಲೇ ಕೇಳಿ. ಎರಡೇ ಮನೆ ಇರುವ ಕಟ್ಟಡದಲ್ಲಿ ಯಾರು ಹೇಳಿದ್ದೆಂಬುದು ಗುಟ್ಟಾಗಿ ಉಳಿಯುವುದಿಲ್ಲ. ಇದನ್ನು ಅವರಿಗೆ ವಿವರಿಸಿದರೆ "ನಮ್ಮನೇಗೆ ಕೇಳಿಸ್ತು ಅಂತಲೇ ಹೇಳಿ, ಪರವಾಗಿಲ್ಲ" ಎನ್ನುವವರೇ ಹೆಚ್ಚು. ಬೇಡ ಎಂದರೆ ಅದನ್ನು ಉಳಿಸಿಕೊಡಬೇಕು. ಆಗ "ಕಟ್ಟಡದ ಹತ್ತಿರದವರೊಬ್ಬರು ಹೇಳಿದರು, ಹೆಸರು ಬೇಡ ಅಂದಿದ್ದಾರೆ" ಎಂದು ಇದ್ದದ್ದನ್ನೇ ಹೇಳಿ. ಒಬ್ಬರು ಹೇಳಿದ್ದನ್ನು "ಎಲ್ಲರೂ ಹೇಳ್ತಿದ್ದಾರೆ" ಎಂದು ಹಿಗ್ಗಿಸುವುದು ಇಡೀ ವಿಷಯದಲ್ಲೇ ಅತಿ ಹಾನಿ ಮಾಡುವ ಮಾತು. ಬಾಡಿಗೆದಾರರು ಅಕ್ಕಪಕ್ಕ ನಾಲ್ಕು ಮನೆಯವರನ್ನು ವಿಚಾರಿಸಿ, ಮೂವರು "ನಮಗೇನೂ ತೊಂದರೆ ಇಲ್ಲ" ಎಂದರೆ, ಆಮೇಲೆ ಓನರ್ ಮಾತಿಗೆ ಬೆಲೆ ಇರುವುದಿಲ್ಲ.

ಮೇಲಿನವರೂ ಕೆಳಗಿನವರೂ ನಿಜವನ್ನೇ ಹೇಳುತ್ತಿರಬಹುದು

ಈ ಭಾಗವನ್ನು ಓನರ್ ಅರ್ಥ ಮಾಡಿಕೊಂಡರೆ ಆರೋಪದ ಮಾತು ತಾನಾಗಿಯೇ ಬಾಯಿಗೆ ಬರುವುದಿಲ್ಲ.

ಕಟ್ಟಡದಲ್ಲಿ ಸದ್ದು ಎರಡು ದಾರಿಯಲ್ಲಿ ಹೋಗುತ್ತದೆ. ಮಾತು, ನಗು, ಹಾಡು ಗಾಳಿಯಲ್ಲಿ ಹೋಗುವಂಥವು. ಅವಕ್ಕೆ ಕಿಟಕಿ, ಬಾಲ್ಕನಿ ಬಾಗಿಲು, ಮೆಟ್ಟಿಲ ದಾರಿ ಬೇಕು. ಮುಚ್ಚಿದರೆ ಬಹುಪಾಲು ತಗ್ಗುತ್ತದೆ. ಕುರ್ಚಿ ಎಳೆಯುವುದು, ಹಿಮ್ಮಡಿ ಊರಿ ನಡೆಯುವುದು, ಏನಾದರೂ ಕೈಜಾರಿ ಬೀಳುವುದು ಆ ಥರದ್ದಲ್ಲ. ಅವು ನೆಲಕ್ಕೇ ಪೆಟ್ಟು ಕೊಡುತ್ತವೆ, ಆ ಪೆಟ್ಟು ಮೋಲ್ಡಿನೊಳಗೆ ಹರಿದು ಕೆಳಗಿನ ಮನೆಯ ಸೀಲಿಂಗನ್ನೇ ಅಲುಗಿಸಿ ಸದ್ದಾಗಿಸುತ್ತದೆ. ನಮ್ಮ ಮನೆಗಳಲ್ಲಿ ಮೋಲ್ಡಿನ ಮೇಲೆ ಸಿಮೆಂಟ್ ಹಾಸಿ ನೇರವಾಗಿ ಟೈಲ್ಸ್ ಕೂರಿಸಿರುತ್ತಾರೆ, ನಡುವೆ ಮೆತ್ತಗಿನದು ಏನೂ ಇರುವುದಿಲ್ಲ. ಹಾಗಾಗಿ ಮೇಲೆ ಕೂತವರು ಮಾತಾಡುತ್ತಾ ಒಂದಡಿ ಕುರ್ಚಿ ಹಿಂದಕ್ಕೆ ತಳ್ಳಿದರೆ ಅವರ ಕಿವಿಗೆ ಅದು ಬಿದ್ದೇ ಇರುವುದಿಲ್ಲ, ಕೆಳಗೆ ಮಲಗಿದವರಿಗೆ ತಲೆಯ ಮೇಲೆ ಮಂಚ ಎಳೆದಂತೆ ಕೇಳಿಸುತ್ತದೆ. "ನಾವು ಸುಮ್ನೆ ಕೂತು ಮಾತಾಡ್ತಿದ್ವಿ ಆಂಟಿ" ಎಂಬುದೂ ನಿಜ, "ರಾತ್ರಿಯೆಲ್ಲ ಸಾಮಾನು ಎಳೆದಾಡಿದ್ರು" ಎಂಬುದೂ ನಿಜ.

ಬೇಸ್ ಜಾಸ್ತಿ ಇರುವ ಸ್ಪೀಕರನ್ನು ನೆಲದ ಮೇಲಿಟ್ಟರೂ ಹೀಗೇ. ಮೇಲೆ ಹಾಡು ಹದವಾಗಿ ಕೇಳುತ್ತಿರುತ್ತದೆ. ಕೆಳಗಿನವರಿಗೆ ಹಾಡೂ ಇಲ್ಲ, ಸಾಹಿತ್ಯವೂ ಇಲ್ಲ, ಬರೀ ಧಪ್ ಧಪ್ ಎಂಬ ಗುದ್ದು ಮಾತ್ರ. ಸಂಜೆ ಏಳಕ್ಕೆ ರಸ್ತೆಯ ವಾಹನಗಳ ಸದ್ದಿನಲ್ಲಿ ಮುಚ್ಚಿಹೋಗುವ ಅದೇ ಗುದ್ದು, ರಾತ್ರಿ ಹನ್ನೊಂದಕ್ಕೆ ರಸ್ತೆ ತಣ್ಣಗಾದ ಮೇಲೆ ಎದ್ದು ಕಾಣುತ್ತದೆ. ಮೇಲೆ ವಾಲ್ಯೂಮ್ ಒಂದಿಷ್ಟೂ ಏರಿಸದಿದ್ದರೂ "ಹತ್ತರ ಮೇಲೆ ಜೋರು ಮಾಡಿದ್ರು" ಎಂದು ಕೆಳಗಿನವರಿಗೆ ಅನಿಸುವುದು ಇದರಿಂದ.

ಸದ್ದು ಆ ಮನೆಯದೇ ಎಂಬುದನ್ನೂ ಖಚಿತ ಮಾಡಿಕೊಳ್ಳಬೇಕು. ಎರಡು ಕಟ್ಟಡಗಳ ನಡುವೆ ಮೂರ್ನಾಲ್ಕು ಅಡಿ ಸಂದು ಇದ್ದಾಗ ಎದುರು ಕಟ್ಟಡದ ಸದ್ದು ಗೋಡೆಗೆ ಬಡಿದು ವಾಪಸು ಬಂದು, ನಮ್ಮದೇ ಮೇಲಿನ ಮಹಡಿಯದು ಎನ್ನಿಸುತ್ತದೆ. ಪಕ್ಕದ ಟೆರೇಸಿನಲ್ಲಿ ಜನ ಸೇರಿದ್ದರೂ ಹಾಗೆ ಕೇಳಿಸುವುದುಂಟು. ಬಾಡಿಗೆದಾರರನ್ನು ಕೇಳುವ ಮೊದಲ ಪ್ರಶ್ನೆ ಇದೇ ಆಗಿರಬೇಕು: ಆ ಹೊತ್ತಿನಲ್ಲಿ ಮನೆಯಲ್ಲಿ ಇದ್ದರೇ? ಒಂದು ಮಾತು: ಗೇಟಿನ ಸಿಸಿಟಿವಿ ನೋಡಿ ಎಷ್ಟು ಜನ ಬಂದರು, ಎಷ್ಟು ಹೊತ್ತಿಗೆ ಹೋದರು ಎಂದು ಲೆಕ್ಕ ಹಿಡಿದುಕೊಂಡು ಮಾತಿಗೆ ಕೂರಬೇಡಿ. "ಏಳು ಜನ ಬಂದಿದ್ರು ಅಲ್ವಾ" ಎಂದ ಕ್ಷಣದಿಂದ ಅವರಿಗೆ ತಮ್ಮ ಮನೆ ತಮ್ಮದು ಎನ್ನಿಸುವುದಿಲ್ಲ.

ಯಾವಾಗ, ಹೇಗೆ ಮಾತಾಡುವುದು

ಸದ್ದು ನಡೆಯುತ್ತಿರುವಾಗಲೇ ಫೋನ್ ಬಂದರೆ ಓನರ್ ಒಂದು ಸಾಲಿನ ಮೆಸೇಜ್ ಹಾಕಿದರೆ ಸಾಕು: "ಕೆಳಗಡೆ ಸದ್ದು ಕೇಳಿಸ್ತಿದೆಯಂತೆ, ಸ್ವಲ್ಪ ಬಾಲ್ಕನಿ ಬಾಗಿಲು ಹಾಕ್ಕೊಳ್ತೀರಾ? ಉಳಿದದ್ದು ಆಮೇಲೆ ಮಾತಾಡೋಣ." ಗೆಳೆಯರು ಕೂತಿರುವಾಗ ಬಾಗಿಲು ಬಡಿದು ನಿಲ್ಲುವುದಾಗಲಿ, ಫೋನಿನಲ್ಲಿ ಉಪದೇಶ ಮಾಡುವುದಾಗಲಿ ಬೇಡ. ಬಂದವರ ಎದುರು ಮರ್ಯಾದೆ ಹೋಯಿತು ಎಂಬ ನೋವು ಸದ್ದಿನ ವಿಷಯವನ್ನು ಮುಚ್ಚಿಬಿಡುತ್ತದೆ.

ವಿಷಯ ಮಾತಾಡುವ ಫೋನು ಒಂದೆರಡು ದಿನದೊಳಗೆ, ಅವರು ಕೆಲಸ ಮುಗಿಸಿ ಬಂದ ಮೇಲೆ, ಸಂಜೆ ಏಳೂವರೆ ಎಂಟರ ಹೊತ್ತಿಗೆ ಆದರೆ ಅನುಕೂಲ. ತೀರಾ ತಡವಾದರೆ ಯಾವ ಶನಿವಾರ ಎಂದು ಯಾರಿಗೂ ನೆನಪಿರುವುದಿಲ್ಲ. ಬಾಡಿಗೆ ಕೊಡುವ ದಿನ, ಅಗ್ರಿಮೆಂಟ್ ರಿನ್ಯೂವಲ್ ಮಾತು ನಡೆಯುತ್ತಿರುವ ವಾರ ಇದನ್ನು ಎತ್ತಬೇಡಿ, ಬಾಡಿಗೆ ಏರಿಸಲು ನೆಪ ಹುಡುಕುತ್ತಿದ್ದಾರೆ ಎಂದೇ ಕೇಳಿಸುತ್ತದೆ. ಮೂವರಿದ್ದರೆ ಅಗ್ರಿಮೆಂಟಿಗೆ ಸಹಿ ಹಾಕಿದವರೊಬ್ಬರಿಗೆ ಫೋನ್ ಮಾಡಿ, ಉಳಿದವರಿಗೂ ಹೇಳಲು ಕೇಳಿಕೊಳ್ಳಿ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಫೋನ್ ಮಾಡುವುದು, ಮನೆ ತೋರಿಸಿದ ಬ್ರೋಕರ್ ಕೈಲಿ ಹೇಳಿಸುವುದು, ಕಟ್ಟಡದ ವಾಟ್ಸ್ಆ್ಯಪ್ ಗುಂಪಿನಲ್ಲಿ "ಕೆಲವರು ರಾತ್ರಿ..." ಎಂದು ಬರೆಯುವುದು ಮೂರೂ ಬೇಡ. ಗುಂಪಿನಲ್ಲಿ ಹೆಸರಿಲ್ಲದೆ ಬರೆದ ಮಾತು ಯಾರಿಗೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ; ಎಲ್ಲರೆದುರು ಅಂದಂತೆಯೇ ಸರಿ.

ಮೊದಲು ಫೋನು, ಆಮೇಲೆ ಮೆಸೇಜು. ಮೊದಲೇ ಬರೆದು ಕಳಿಸಿದ ಮಾತಿಗೆ ದನಿ ಇರುವುದಿಲ್ಲ, ಓದುವವರು ತಮ್ಮ ಆ ಹೊತ್ತಿನ ಮನಸ್ಸಿನ ದನಿಯನ್ನು ಅದಕ್ಕೆ ಹಾಕಿಕೊಳ್ಳುತ್ತಾರೆ.

ಮಾತಿನ ಹದ

ಆರೋಪವಿಲ್ಲದೆ ಹೇಳಲು ಕನ್ನಡದಲ್ಲೇ ಒಂದು ಒಳ್ಳೆಯ ಸಲಕರಣೆ ಇದೆ: "ಅಂತೆ." ನಾನು ಕಂಡದ್ದಲ್ಲ, ಕೇಳಿದ್ದು ಎಂಬುದನ್ನು ಅದು ಒಂದೇ ಉಸಿರಿನಲ್ಲಿ ಹೇಳುತ್ತದೆ. ಆದರೆ ಅದನ್ನು ಎಲ್ಲಿ ಜೋಡಿಸುತ್ತೇವೆ ಎಂಬುದರ ಮೇಲೆ ಎಲ್ಲ ನಿಂತಿದೆ. "ಶನಿವಾರ ರಾತ್ರಿ ಕುರ್ಚಿ ಎಳೆಯೋ ಸದ್ದು ಕೆಳಗೆ ಕೇಳಿಸ್ತಂತೆ" ಎಂದರೆ ಅಂತೆ ಸದ್ದಿಗೆ ಅಂಟಿದೆ, ಎದುರಿನವರ ಮೇಲೆ ಏನೂ ಬಿದ್ದಿಲ್ಲ. "ನೀವು ರಾತ್ರಿಯೆಲ್ಲ ಪಾರ್ಟಿ ಮಾಡಿದ್ರಂತೆ" ಎಂದರೆ ಅದೇ ಅಂತೆ ಮನುಷ್ಯರಿಗೆ ಅಂಟಿ ಚಾಡಿಯಾಗುತ್ತದೆ. ಅಂತೆಯನ್ನು ಸದ್ದಿಗೆ ಹಚ್ಚಿ, ಜನಕ್ಕೆ ಹಚ್ಚಬೇಡಿ. ಹಾಗೆಯೇ "ಸದ್ದು ಮಾಡಿದ್ರಿ" ಎನ್ನುವುದರ ಬದಲು "ಸದ್ದು ಕೇಳಿಸ್ತು", "ಸದ್ದು ಕೆಳಗೆ ಬಂತು" ಎನ್ನಬಹುದು. ವಿಷಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

"ಪಾರ್ಟಿ" ಎಂಬ ಪದ ಬಿಡಿ. ಹುಟ್ಟುಹಬ್ಬಕ್ಕೆ ಆರು ಜನ ಊಟಕ್ಕೆ ಸೇರಿದ್ದನ್ನು ಪಾರ್ಟಿ ಎಂದಾಗ ಅದರ ಹಿಂದೆ ಕುಡಿತದ ಸುಳಿವು ಇರುತ್ತದೆ, ಅದು ಅವರಿಗೂ ಗೊತ್ತಾಗುತ್ತದೆ. "ಫ್ರೆಂಡ್ಸ್ ಬಂದಿದ್ರೇನೋ" ಎಂದರೆ ಸಾಕು. "ಯಾವಾಗ್ಲೂ", "ದಿನಾ", "ನಿಮ್ಮ ವಯಸ್ಸಿನವರು" ಎಂಬವೂ ಬೇಡ. ಬಾಯಿಮಾತಿನಲ್ಲಿ "ದಯವಿಟ್ಟು" ಎಂಬುದು ಎಷ್ಟೋ ಸಲ ನೋಟಿಸಿನ ಹಾಗೆ ಕೇಳಿಸುತ್ತದೆ. ಕೇಳಿಕೊಳ್ಳುವ ದನಿ ಬರುವುದು "ಸ್ವಲ್ಪ ನೋಡ್ಕೊಳ್ತೀರಾ", "ಹೀಗೆ ಮಾಡೋಕಾಗುತ್ತಾ" ಎಂಬ ಮಾತಿನಿಂದ.

ನಮ್ಮ ಉದಾಹರಣೆಯ ಫೋನು ಹೀಗೆ ಸಾಗಬಹುದು.

"ಏನಪ್ಪಾ, ಊಟ ಆಯ್ತಾ? ಒಂದೈದು ನಿಮಿಷ ಮಾತಾಡ್ಬಹುದಾ?"

"ಹೇಳಿ ಆಂಟಿ."

"ಶನಿವಾರ ರಾತ್ರಿ ಮನೇಲಿದ್ರಾ ನೀವೆಲ್ಲ?"

"ಹೌದು ಆಂಟಿ, ಫ್ರೆಂಡ್ಸ್ ಬಂದಿದ್ರು."

"ಬರಲಿ ಬಿಡಿ, ಅದಕ್ಕಲ್ಲ. ಹನ್ನೊಂದರ ಮೇಲೆ ಕುರ್ಚಿ ಎಳೆಯೋ ಹಾಗೆ ಸದ್ದು ಕೆಳಗಿನ ಮನೇಲಿ ಕೇಳಿಸ್ತಂತೆ, ಬಾಲ್ಕನಿ ಕಡೆಯಿಂದ ಮಾತೂ ಕೇಳಿಸ್ತಂತೆ. ಅವರ ಮಗಳು ಮಲಗೋ ರೂಮು ನಿಮ್ಮ ಹಾಲ್ ಕೆಳಗೇ ಬರುತ್ತೆ. ನಿಮಗೆ ಗೊತ್ತಾಗಿರಲಿಕ್ಕಿಲ್ಲ ಅಂತ ಹೇಳ್ತಿದ್ದೀನಿ."

"ಆಂಟಿ, ನಾವು ಹಾಡೇ ಹಾಕಿರ್ಲಿಲ್ಲ."

"ಹಾಡು ಅಂತ ಅವರೂ ಹೇಳಿಲ್ಲಪ್ಪ. ಮೋಲ್ಡಿನ ಮೇಲೆ ಟೈಲ್ಸ್ ಅಲ್ವಾ, ಕುರ್ಚಿ ಸದ್ದು ನಿಮಗಿಂತ ಅವರಿಗೇ ಜಾಸ್ತಿ ಕೇಳುತ್ತೆ. ಏನು ಮಾಡಬಹುದು ಅಂತ ನೋಡೋಣ. ನಿಮಗೇನನ್ಸುತ್ತೆ?"

ಈ ಮಾತುಕತೆಯಲ್ಲಿ ಕೆಲಸ ಮಾಡಿದ್ದು "ಬರಲಿ ಬಿಡಿ, ಅದಕ್ಕಲ್ಲ" ಎಂಬುದು. ಜನ ಸೇರಿದ್ದು ತಪ್ಪಲ್ಲ, ಸದ್ದಿನ ಹೊತ್ತಿನ ಬಗ್ಗೆ ಮಾತು ಎಂದು ಅಲ್ಲೇ ಗೆರೆ ಎಳೆದಂತಾಯಿತು. ಕೊನೆಯ ಪ್ರಶ್ನೆಯ ನಂತರ ಓನರ್ ಸುಮ್ಮನಿರಬೇಕು. ಎರಡು ಸೆಕೆಂಡಿನ ಮೌನಕ್ಕೆ ಹೆದರಿ ತಾವೇ ಮುಂದುವರಿಸಿದರೆ ಪರಿಹಾರ ಓನರ್‌ದಾಗುತ್ತದೆ. ಅವರ ಬಾಯಿಂದಲೇ "ಕುರ್ಚಿಗೆ ಏನಾದ್ರೂ ಹಾಕ್ತೀವಿ" ಎಂದು ಬಂದರೆ ಅದು ಉಳಿಯುತ್ತದೆ.

ಬಾಡಿಗೆದಾರರಿಗೆ ಕನ್ನಡ ಬಾರದಿದ್ದರೆ ಅವರಿಗೆ ಸಲೀಸಾದ ಭಾಷೆಯಲ್ಲೇ ಮಾತಾಡಿ. ಬರದ ಭಾಷೆಯಲ್ಲಿ ಚಿಕ್ಕ ವಾಕ್ಯಗಳು ಆಜ್ಞೆಯ ಹಾಗೆ ಬೀಳುತ್ತವೆ, ಆದ್ದರಿಂದ ಹೇಳಬೇಕಾದ ಮೂರು ಸಾಲನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅವರು ಏನೆನ್ನಬಹುದು

"ಯಾರು ಹೇಳಿದ್ದು?" ಎಂಬುದು ಬಂದೇ ಬರುತ್ತದೆ. ಅನುಮತಿ ಇದ್ದರೆ ಹೇಳಿ, ಇಲ್ಲದಿದ್ದರೆ ಇಲ್ಲವೆಂದೇ ಹೇಳಿ. ನೆರೆಯವರು ಕಳಿಸಿದ ಆಡಿಯೋ ವಿಡಿಯೋ ಮಾತ್ರ ಫಾರ್ವರ್ಡ್ ಮಾಡಬೇಡಿ. ತಮ್ಮನ್ನು ರೆಕಾರ್ಡ್ ಮಾಡುತ್ತಿದ್ದಾರೆ ಎಂದು ಗೊತ್ತಾದ ಮೇಲೆ ಎರಡು ಮನೆಗಳ ನಡುವೆ ಮಾತು ಮತ್ತೆ ಹುಟ್ಟುವುದು ಕಷ್ಟ.

"ಅವರ ಮನೆ ಮಿಕ್ಸಿ ಬೆಳಗ್ಗೆ ಐದೂವರೆಗೆ ಶುರುವಾಗುತ್ತೆ" ಎಂದರೆ ಅದನ್ನು ತಳ್ಳಿಹಾಕದೆ ಬರೆದುಕೊಳ್ಳಿ. "ಅದನ್ನೂ ಅವರ ಹತ್ರ ಮಾತಾಡ್ತೀನಿ, ಈಗ ಇದನ್ನ ಮುಗಿಸೋಣ" ಎಂದು ಹೇಳಿ, ನಿಜವಾಗಿಯೂ ಮಾತಾಡಿ. ಒಂದು ಕಡೆಯ ದೂರನ್ನು ಮಾತ್ರ ಹೊತ್ತು ತರುವ ಓನರ್ ಆ ಕಡೆಯವರೇ ಆಗಿಬಿಡುತ್ತಾರೆ.

"ನಮ್ಮಿಂದ ಅಲ್ಲವೇ ಅಲ್ಲ" ಎಂದು ಗಟ್ಟಿಯಾಗಿ ನಿಂತರೆ ವಾದಕ್ಕೆ ಇಳಿಯುವ ಅಗತ್ಯವಿಲ್ಲ. ಒಂದು ಮಧ್ಯಾಹ್ನ ಎರಡೂ ಮನೆಯವರನ್ನು ಕೇಳಿಕೊಂಡು ಹತ್ತು ನಿಮಿಷದ ಪರೀಕ್ಷೆ ಮಾಡಬಹುದು. ಮೇಲೆ ಒಬ್ಬರು ಎಂದಿನ ಹಾಗೆ ಕುರ್ಚಿ ಎಳೆಯಲಿ, ನಡೆಯಲಿ, ಎಂದಿನ ವಾಲ್ಯೂಮಿನಲ್ಲಿ ಹಾಡು ಹಾಕಲಿ. ಇನ್ನೊಬ್ಬ ಹುಡುಗ ಕೆಳಗಿನ ಮನೆಯ ಆ ರೂಮಿನಲ್ಲಿ ನಿಂತು ಕೇಳಲಿ. ಕೆಳಗಿನವರ ಹುಡುಗಿ ಓದುವ ಮೇಜಿನ ಪಕ್ಕ ನಿಂತು ತಲೆಯ ಮೇಲೆ ಆ ಕರಕರ ಕೇಳಿದವರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಹಗಲಿನ ಸದ್ದಿನಲ್ಲೇ ಇಷ್ಟು ಕೇಳಿಸಿದರೆ ರಾತ್ರಿ ಎಷ್ಟಿರಬಹುದೆಂದು ಅವರೇ ಅಂದಾಜು ಮಾಡುತ್ತಾರೆ. ಏನೂ ಕೇಳಿಸದಿದ್ದರೆ ಸದ್ದಿನ ಮೂಲ ಬೇರೆಡೆ ಇದೆ ಎಂದು ತಿಳಿದು ಹುಡುಕಬೇಕು, ಅದೂ ಲಾಭವೇ.

ಏನು ಮಾಡಿದರೆ ಸದ್ದು ನಿಜವಾಗಿ ತಗ್ಗುತ್ತದೆ

"ಅಡ್ಜಸ್ಟ್ ಮಾಡ್ಕೊಳ್ಳಿ" ಎಂದಷ್ಟೇ ಹೇಳಿ ಫೋನಿಟ್ಟರೆ ಯಾರಿಗೂ ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಕೇಳಿಕೊಳ್ಳುವುದು ಎರಡೋ ಮೂರೋ ಇರಲಿ, ಆದರೆ ಕೈಯಲ್ಲಿ ಮಾಡಬಹುದಾದದ್ದಾಗಿರಲಿ.

ಕುರ್ಚಿಯಿಂದ ಶುರು ಮಾಡಿ, ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಪ್ರಯೋಜನ ಅಲ್ಲೇ. ಕಬ್ಬಿಣದ ಕಾಲಿನ ಕುರ್ಚಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ರಬ್ಬರ್ ಬುಷ್ ಸಿಗುತ್ತದೆ. ಕಾಲಿನ ದಪ್ಪ ಅಳೆದುಕೊಂಡೇ ಹೋಗಬೇಕು, ಸಡಿಲವಾದರೆ ವಾರದಲ್ಲಿ ಬಿದ್ದುಹೋಗುತ್ತದೆ. ಆರು ಕುರ್ಚಿಗೆ ಇಪ್ಪತ್ತನಾಲ್ಕು ಬೇಕು, ನಾಲ್ಕು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಮರದ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆ ಆಗುತ್ತದೆ. ಅಂಟಿಸುವ ಮುಂಚೆ ಧೂಳು ಒರೆಸದಿದ್ದರೆ ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯ ಕಾಲು ಟೊಳ್ಳಾಗಿ ತೆಳುವಾಗಿರುವುದರಿಂದ ಇವೆರಡೂ ಸರಿ ಕೂರುವುದಿಲ್ಲ, ಅದರ ಕೆಳಗೆ ಜಮಖಾನ ಹಾಸುವುದೇ ದಾರಿ. ಹತ್ತರ ನಂತರ ಜಮಖಾನ ಹಾಸಿ ನೆಲದ ಮೇಲೇ ಕೂತರೆ ಕುರ್ಚಿಯ ಪ್ರಶ್ನೆಯೇ ಮುಗಿಯಿತು. ಈ ಬುಷ್‌ಗಳನ್ನು ಓನರ್ ತಾವೇ ತಂದುಕೊಟ್ಟರೆ ಚೆನ್ನ. ಖರ್ಚು ದೊಡ್ಡದಲ್ಲ, ಆದರೆ "ನಿಮ್ಮ ತಪ್ಪು ನೀವು ಸರಿಮಾಡಿ" ಎಂಬುದು "ಕಟ್ಟಡದ ತೊಂದರೆ, ಸೇರಿ ಸರಿಮಾಡೋಣ" ಎಂದಾಗಿ ಬದಲಾಗುತ್ತದೆ.

ಸ್ಪೀಕರ್ ಇದ್ದರೆ ನೆಲದಿಂದ ಎತ್ತಿ ಮೇಜಿನ ಮೇಲಿಟ್ಟು, ಕೆಳಗೆ ಹಳೆಯ ಯೋಗ ಮ್ಯಾಟ್ ಎರಡು ಮೂರು ಮಡಿಕೆ ಹಾಕಬಹುದು. ಗೋಡೆಗೆ ತಾಗದಂತಿರಲಿ. ಇದರಿಂದ ಗುದ್ದು ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ರಾತ್ರಿ ಬೇಸ್ ಇಳಿಸುವುದೊಂದೇ ಖಾತ್ರಿ ಉಪಾಯ.

ಬಾಲ್ಕನಿ ಮಾತಿಗೆ ಹತ್ತಕ್ಕೆ ಒಳಗೆ ಬಂದು ಬಾಗಿಲು ಹಾಕಿಕೊಳ್ಳುವುದು ಬಿಟ್ಟರೆ ಬೇರೆ ಮದ್ದಿಲ್ಲ. ಬಾಲ್ಕನಿಯಲ್ಲಿ ಮೆಲ್ಲಗೆ ಮಾತಾಡುತ್ತೇವೆ ಎಂದುಕೊಂಡರೂ ಕೆಳಗಿನ ತೆರೆದ ಕಿಟಕಿಗೆ ಒಂದೊಂದು ಪದವೂ ಕೇಳಿಸುತ್ತದೆ.

ಎಲ್ಲರೂ ಮರೆಯುವುದು ಬೀಳ್ಕೊಡುವ ಹತ್ತು ನಿಮಿಷವನ್ನು. ಗ್ರಾನೈಟ್ ಹಾಕಿದ ಮೆಟ್ಟಿಲ ಗೂಡು ಬಾವಿಯ ಹಾಗೆ ದನಿಯನ್ನು ಹಿಗ್ಗಿಸುತ್ತದೆ. ಐದು ಜನ ಬಾಗಿಲಲ್ಲಿ ನಿಂತು ಬೈ ಹೇಳುವುದು, ಇಳಿಯುತ್ತಾ ನಗುವುದು, ಕೆಳಗೆ ಬೈಕ್ ಸ್ಟಾರ್ಟ್ ಆಗುವುದು, ಗೇಟು ಬಡಿಯುವುದು. ಅಷ್ಟು ಹೊತ್ತು ಹೇಗೋ ನಿದ್ದೆ ಹೋಗಿದ್ದವರು ಇದಕ್ಕೇ ಎಚ್ಚರಾಗುತ್ತಾರೆ. ಮಾತು ಮನೆಯೊಳಗೇ ಮುಗಿಸಿ ಇಳಿಯಲಿ, ಬೈಕನ್ನು ಗೇಟಿನಾಚೆ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡಲಿ ಎಂದು ಕೇಳಿಕೊಳ್ಳಿ. ಗೇಟಿನ ಕೆಲಸ ಮಾತ್ರ ಓನರ್‌ದೇ: ಕೀಲಿಗೆ ಎಣ್ಣೆ, ಚಿಲಕ ಬಡಿಯುವ ಜಾಗಕ್ಕೆ ಹಳೆಯ ಟ್ಯೂಬಿನ ರಬ್ಬರ್ ತುಂಡು.

ಆಮೇಲೆ ಹಾಕುವ ಮೆಸೇಜು

ಮಾತಾಡಿ ಒಂದು ಗಂಟೆಯೊಳಗೆ ಒಪ್ಪಿಕೊಂಡದ್ದನ್ನು ಬರೆದು ಹಾಕಿ. ಉದಾಹರಣೆಗೆ:

"ನಮಸ್ಕಾರ. ಮಾತಾಡಿದ್ದು ಖುಷಿಯಾಯಿತು. ನೆನಪಿಗೆ ಇರಲಿ ಎಂದು ಬರೆದಿದ್ದೇನೆ. ಶನಿವಾರ ರಾತ್ರಿ ಕುರ್ಚಿ ಮತ್ತು ಬಾಲ್ಕನಿ ಕಡೆಯ ಸದ್ದು ಕೆಳಗೆ ಕೇಳಿಸಿತ್ತು. ಕುರ್ಚಿಗೆ ಬುಷ್ ನಾನು ಗುರುವಾರದೊಳಗೆ ಕಳಿಸುತ್ತೇನೆ. ರಾತ್ರಿ 10ರ ಮೇಲೆ ಬಾಲ್ಕನಿ ಬಾಗಿಲು ಹಾಕಿಕೊಳ್ಳುತ್ತೇವೆ, ಹೊರಡುವಾಗ ಮೆಟ್ಟಿಲ ಮೇಲೆ ನಿಲ್ಲುವುದಿಲ್ಲ ಎಂದು ನೀವು ಹೇಳಿದಿರಿ. ಹೆಚ್ಚು ಜನ ಸೇರುವ ದಿನ ಇದ್ದರೆ ಒಂದು ದಿನ ಮುಂಚೆ ಕೆಳಗಿನವರಿಗೆ ಒಂದು ಮಾತು ಹೇಳಿ. ನಿಮಗೂ ಏನಾದರೂ ತೊಂದರೆ ಇದ್ದರೆ ತಿಳಿಸಿ."

ಇದರಲ್ಲಿ ಅಗ್ರಿಮೆಂಟಿನ ಕಲಮು, ಅಡ್ವಾನ್ಸು, ಮನೆ ಖಾಲಿ ಮಾಡಿಸುವುದು, ಪೊಲೀಸ್ ಯಾವುದೂ ಇಲ್ಲ. ಮೊದಲ ಮೆಸೇಜಿನಲ್ಲಿ ಇರಲೂಬಾರದು.

ಕೆಳಗಿನವರಿಗೂ ಅದೇ ಸಂಜೆ ಫೋನ್ ಮಾಡಿ. "ಮಾತಾಡಿದ್ದೀನಿ, ಅವರಿಗೆ ಗೊತ್ತಾಗಿರ್ಲಿಲ್ಲ, ಹೀಗೆ ಹೀಗೆ ಮಾಡ್ತೀವಿ ಅಂದಿದ್ದಾರೆ. ಎರಡು ವಾರ ನೋಡಿ ಹೇಳಿ." ಇನ್ನು ಮುಂದೆ ಆಗುವುದೇ ಇಲ್ಲ ಎಂದು ಮಾತು ಕೊಡಬೇಡಿ, ಕಟ್ಟಡದಲ್ಲಿ ಮೇಲಿನವರ ಸದ್ದು ಒಂದಿಷ್ಟು ಇರುತ್ತದೆ. ಹುಡುಗರು ಫೋನಿನಲ್ಲಿ ಏನಂದರು, ಹೇಗಂದರು ಎಂಬುದನ್ನೂ ದಾಟಿಸಬೇಡಿ.

ನಿಲ್ಲದಿದ್ದರೆ

ಎರಡು ವಾರದ ನಂತರ ಎರಡೂ ಕಡೆ ವಿಚಾರಿಸಿ. ಸದ್ದು ತಗ್ಗಿದ್ದರೆ ಮೇಲಿನವರಿಗೆ ಅದನ್ನು ಹೇಳುವುದನ್ನು ಮರೆಯಬೇಡಿ. ದೂರು ಇದ್ದಾಗ ಮಾತ್ರ ಫೋನ್ ಮಾಡುವ ಓನರ್ ಹೆಸರು ಪರದೆಯ ಮೇಲೆ ಕಂಡರೇ ಎತ್ತಲು ಬೇಸರವಾಗುತ್ತದೆ. ತಗ್ಗದಿದ್ದರೆ ಈ ಸಲ ಎದುರಾಎದುರು ಕೂತು ಮಾತಾಡಿ, ಏನು ಆಗಲಿಲ್ಲ ಎಂದು ಕೇಳಿ. ಬುಷ್ ಕಿತ್ತುಹೋಗಿರಬಹುದು, ಹೊಸ ರೂಮ್‌ಮೇಟ್‌ಗೆ ಯಾರೂ ಹೇಳದೆ ಇರಬಹುದು.

ಕಾನೂನಿನ ಮಾತು ಬರುವುದು ಇದೂ ಮುಗಿದ ಮೇಲೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6 ರಾತ್ರಿಯ ಹೊತ್ತು; ವಸತಿ ಪ್ರದೇಶಕ್ಕೆ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ 45. ಫೋನಿನ ಆ್ಯಪಿನಲ್ಲಿ ಅಳೆದ ಅಂಕಿ ಹಿಡಿದುಕೊಂಡು ಜಗಳಕ್ಕೆ ಹೋಗಬೇಡಿ, ಒಂದೊಂದು ಫೋನೂ ಒಂದೊಂದು ಅಂಕಿ ತೋರಿಸುತ್ತದೆ. ಹತ್ತು ಗಂಟೆ ಎಂಬುದು ಓನರ್ ಇಟ್ಟ ಸಮಯವಲ್ಲ, ಎಲ್ಲರಿಗೂ ಇರುವ ನಿಯಮ ಎಂದು ತಿಳಿಸುವಷ್ಟಕ್ಕೆ ಇದು ಸಾಕು. ಅಲ್ಲಿಗೂ ನಿಲ್ಲದಿದ್ದರೆ, ನಡೆದ ದಿನಾಂಕಗಳನ್ನು ಬರೆದು ಅಗ್ರಿಮೆಂಟಿನ ಪ್ರಕಾರ ಲಿಖಿತವಾಗಿ ತಿಳಿಸಬೇಕು. ಸಹಿಸಲಾಗದ ರಾತ್ರಿ ನೆರೆಯವರು 112ಕ್ಕೆ ಫೋನ್ ಮಾಡಬಹುದು, ಅದು ಅವರ ಹಕ್ಕು, ಓನರ್ ತಡೆಯುವಂತಿಲ್ಲ. ನೀರು ಕರೆಂಟು ನಿಲ್ಲಿಸುವುದು, ಗೇಟಿಗೆ ಹತ್ತಕ್ಕೇ ಬೀಗ ಹಾಕುವುದು ಮಾಡಿದರೆ ಅದುವರೆಗೆ ನ್ಯಾಯವಾಗಿ ನಡೆದುಕೊಂಡ ಓನರ್ ತಾವೇ ತಪ್ಪಿತಸ್ಥರಾಗುತ್ತಾರೆ.

ಮುಂದಿನ ಸಲ ಮನೆ ಕೊಡುವಾಗ, ಬೀಗದ ಕೈ ಕೊಡುವ ದಿನವೇ ಹೊಸಬರನ್ನು ಹಾಲಿನಲ್ಲಿ ನಿಲ್ಲಿಸಿ, "ಇದರ ಕೆಳಗೆ ಅವರ ಮಲಗೋ ರೂಮು ಬರುತ್ತೆ" ಎಂದು ತೋರಿಸಿ, ಕೆಳಗಿನ ಮನೆಯವರ ಪರಿಚಯ ಮಾಡಿಸಿ ಫೋನ್ ನಂಬರ್ ಕೊಡಿಸಿ. ಹಾಗಿದ್ದರೆ ಶನಿವಾರ ರಾತ್ರಿ ಹನ್ನೊಂದಕ್ಕೆ ಕೆಳಗಿನಿಂದ ಮೇಲಕ್ಕೇ ಒಂದು ಮೆಸೇಜು ಹೋಗುತ್ತದೆ, ಭಾನುವಾರ ಬೆಳಗ್ಗೆ ಓನರ್‌ಗೆ ಫೋನ್ ಬರುವುದಿಲ್ಲ.